ಪುಟ್ಟಿಯ ಜ್ವರ: ‘ಮೂರು ದಿನ ಕಾಯಿರಿ’ ಎಂಬ ಸಂದೇಶದ ಮೇಲೆ ನಮ್ಮ ಕುಟುಂಬದ ಗುಂಪಿನ ಚರ್ಚೆ

ದೊಡ್ಡಪ್ಪ, ಸಂಜೆ 6:40
ಫಾರ್ವರ್ಡ್ ಆಗಿ ಬಂದದ್ದು: “ಮಕ್ಕಳಿಗೆ ಜ್ವರ ಬಂದರೆ ಗಾಬರಿಯಾಗಬೇಡಿ. ಮೂರು ದಿನ ವೈದ್ಯರ ಬಳಿ ಹೋಗದೆ ಮನೆಯಲ್ಲೇ ನೋಡಿಕೊಳ್ಳಿ. ಜ್ವರವೇ ದೇಹದ ರಕ್ಷಣೆ.” ಇದನ್ನು ಚಿಕ್ಕ ಮಕ್ಕಳಿರುವವರೆಲ್ಲ ಓದಬೇಕು.

ವಿದ್ಯಾ, 6:52
ದೊಡ್ಡಪ್ಪ, ಈ ಸಂದೇಶ ಬರುವ ಹೊತ್ತಿಗೆ ಸರಿಯಾಗಿ ಪುಟ್ಟಿಗೆ ಜ್ವರ ಬಂದಿದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 100.9 ಡಿಗ್ರಿ ತೋರಿಸಿತು. ಅವಳಿಗೆ ಈಗ 14 ತಿಂಗಳು. ಹೋದ ವಾರ ತೂಕ ನೋಡಿಸಿದಾಗ 9.6 ಕೆ.ಜಿ. ಇತ್ತು. ಈಗಲೇ ವೈದ್ಯರಿಗೆ ತೋರಿಸಬೇಕೇ, ನಾಳೆಯವರೆಗೆ ಕಾಯಬಹುದೇ ಎಂದು ತಿಳಿಯುತ್ತಿಲ್ಲ.

ಶಶಿ ಚಿಕ್ಕಪ್ಪ, 6:55
ಈಗಲೇ ಕರೆದುಕೊಂಡು ಹೋಗಮ್ಮ. ಮಾತು ಬಾರದ ಮಗು ತನಗೆ ಎಲ್ಲಿ ನೋವಿದೆ ಎಂದು ಹೇಳಲಾರದು. ಅಣ್ಣ ಕಳುಹಿಸಿದ ಸಂದೇಶವನ್ನು ಬರೆದವರು ಯಾರೆಂದು ಕೂಡ ನಮಗೆ ಗೊತ್ತಿಲ್ಲ.

ದೊಡ್ಡಪ್ಪ, 7:01
ಜ್ವರ ಕಾಣಿಸಿಕೊಂಡ ಒಂದೆರಡು ಗಂಟೆಯಲ್ಲಿ ವೈದ್ಯರಿಗಾದರೂ ಏನು ತಿಳಿಯುತ್ತದೆ, ಶಶಿ? ನೆಗಡಿಯಾಗಲಿ, ಗಂಟಲು ಕೆಂಪಾಗುವುದಾಗಲಿ ಇನ್ನೂ ಶುರುವಾಗಿರುವುದಿಲ್ಲ. ಔಷಧಿಯ ಚೀಟಿ ಹಿಡಿದು ಹಿಂತಿರುಗುತ್ತೇವೆ. ಅದರಲ್ಲಿ ಬೇಡದ ಆಂಟಿಬಯಾಟಿಕ್ ಕೂಡ ಇರಬಹುದು. ವೈರಸ್ಸಿನಿಂದ ಬಂದ ಜ್ವರಕ್ಕೆ ಅದು ಏನೂ ಮಾಡುವುದಿಲ್ಲ.

ಸುಮತಿ ಅತ್ತೆ, 7:14
ಅಣ್ಣ, ಮಕ್ಕಳ ವಾರ್ಡಿನಲ್ಲಿ ಇಷ್ಟು ವರ್ಷ ದಾದಿಯಾಗಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಈ ಸಂದೇಶವನ್ನು ಹೀಗೆಯೇ ಬಿಡಬಾರದು. ಅದರಲ್ಲಿ ಮಗುವಿನ ವಯಸ್ಸಿನ ಮಾತೇ ಇಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಒಂದು ರಾತ್ರಿಯೂ ಕಾಯುವಂತಿಲ್ಲ. ಅಷ್ಟು ಎಳೆಯ ಕೂಸಿನಲ್ಲಿ ಸೋಂಕು ರಕ್ತಕ್ಕೋ ಮಿದುಳಿನ ಪೊರೆಗೋ ಹರಡಿದ್ದರೂ ಹೊರಗೆ ಕಾಣುವ ಚಿಹ್ನೆ ಜ್ವರವೊಂದೇ ಆಗಿರಬಹುದು. ಪುಟ್ಟಿಗೆ 14 ತಿಂಗಳು, ಲಸಿಕೆಗಳೆಲ್ಲ ಆಗಿವೆ, ಆದ್ದರಿಂದ ಅವಳ ವಿಷಯ ಬೇರೆ. ಈ ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂಬುದೇ ನನ್ನ ಅಭಿಪ್ರಾಯ, ಆದರೆ ಅದು ಅವಳು ಹೇಗಿದ್ದಾಳೆ ಎಂಬುದನ್ನು ನೋಡಿದ ಮೇಲಿನ ಮಾತು.

ವಿದ್ಯಾ, ಅವಳು ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡ. ಮಕ್ಕಳ ಉಸಿರಾಟ ಒಂದೇ ಸಮ ಇರುವುದಿಲ್ಲ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರಾಟ ಎನ್ನುತ್ತೇವೆ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ ಎಂಬುದನ್ನೂ ನೋಡು. ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ, ಹಾಲು ಕುಡಿದಳೇ, ನಿನ್ನ ಮುಖ ನೋಡುತ್ತಾಳೆಯೇ ಎಂದೂ ತಿಳಿಸು.

ವಿದ್ಯಾ, 7:31
ಎಣಿಸಿದೆ ಅತ್ತೆ, 34 ಬಂತು. ಗುಳಿ ಬೀಳುತ್ತಿಲ್ಲ. ಆರು ಗಂಟೆಗೆ ಮೂತ್ರ ಮಾಡಿದ್ದಾಳೆ, ಹಾಲನ್ನು ಎಂದಿನಂತಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ಕುಡಿದಳು. ಕರೆದರೆ ತಿರುಗಿ ನೋಡುತ್ತಾಳೆ, ಆದರೆ ಮಡಿಲು ಬಿಟ್ಟು ಇಳಿಯುತ್ತಿಲ್ಲ. ಪುಟ್ಟಿಯ ಅಣ್ಣನಿಗೆ ಜ್ವರ ಬಂದಾಗ ತಂದಿದ್ದ ಪ್ಯಾರಸಿಟಮಾಲ್ ಸಿರಪ್ ಮನೆಯಲ್ಲಿದೆ, ಅದನ್ನೇ 5 ಎಂ.ಎಲ್. ಕೊಡುತ್ತೇನೆ.

ಸುಮತಿ ಅತ್ತೆ, 7:32
ಕೊಡಬೇಡ, ಸ್ವಲ್ಪ ತಡೆ. ಬಾಟಲಿಯ ಮೇಲೆ 5 ಎಂ.ಎಲ್.ಗೆ ಎಷ್ಟು ಮಿಲಿಗ್ರಾಂ ಎಂದು ಬರೆದಿದೆ? ಮುಚ್ಚಳ ತೆರೆದು ಎಷ್ಟು ದಿನವಾಯಿತು?

ವಿದ್ಯಾ, 7:34
5 ಎಂ.ಎಲ್.ಗೆ 250 ಮಿಲಿಗ್ರಾಂ ಎಂದಿದೆ. ತೆರೆದು ಎರಡು ವಾರವಾಗಿದೆ.

ಸುಮತಿ ಅತ್ತೆ, 7:45
ನಾನು ಹೆದರಿದ್ದು ಇದಕ್ಕೇ. ಈ ಸಿರಪ್ ಒಂದಕ್ಕಿಂತ ಹೆಚ್ಚು ಸಾಂದ್ರತೆಯಲ್ಲಿ ಸಿಗುತ್ತದೆ. ಎಳೆಯ ಮಕ್ಕಳ ಬಾಟಲಿಯಲ್ಲಿ ಸಾಮಾನ್ಯವಾಗಿ 5 ಎಂ.ಎಲ್.ಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ, ದೊಡ್ಡ ಮಕ್ಕಳದ್ದರಲ್ಲಿ 250. ಕೂಸುಗಳಿಗೆ ಹನಿಯಾಗಿ ಕೊಡುವ ಡ್ರಾಪ್ಸ್ ಇನ್ನೂ ಗಟ್ಟಿ, ಒಂದೇ ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರಬಹುದು. “ಒಂದು ಚಮಚ ಕೊಡಿ” ಎನ್ನುವ ಸಲಹೆಗೆ ಆದ್ದರಿಂದಲೇ ಅರ್ಥವಿಲ್ಲ.

ಲೆಕ್ಕ ಹಾಕಬೇಕಾದ್ದು ವಯಸ್ಸಿನಿಂದಲ್ಲ, ತೂಕದಿಂದ. ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. ಪುಟ್ಟಿಯ 9.6 ಕೆ.ಜಿ.ಗೆ ಅದು 96ರಿಂದ 144 ಮಿಲಿಗ್ರಾಂ ಆಗುತ್ತದೆ. ನಿನ್ನ ಕೈಯಲ್ಲಿರುವ ಬಾಟಲಿಯಿಂದ 2.5 ಎಂ.ಎಲ್. ತೆಗೆದರೆ 125 ಮಿಲಿಗ್ರಾಂ, ಅಷ್ಟು ಸಾಕು. ನೀನು ಕೊಡಲು ಹೊರಟಿದ್ದ 5 ಎಂ.ಎಲ್.ನಲ್ಲಿ 250 ಮಿಲಿಗ್ರಾಂ, ಅಂದರೆ ಕೆ.ಜಿ.ಗೆ 26. ಒಂದು ಸಲ ಹಾಗಾದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಅದನ್ನೇ ದಿನಕ್ಕೆ ನಾಲ್ಕು ಸಲದಂತೆ ಎರಡು ಮೂರು ದಿನ ಮುಂದುವರಿಸಿದ್ದರೆ ಯಕೃತ್ತಿಗೆ ಪೆಟ್ಟು ಬೀಳುವ ಅಪಾಯವಿತ್ತು. ಅಡುಗೆಮನೆಯ ಚಮಚ ಬೇಡ, ಗುರುತುಗಳಿರುವ ಸಿರಿಂಜಿನಲ್ಲಿ ಅಳೆದು ಕೊಡು. ಒಮ್ಮೆ ಕೊಟ್ಟ ಮೇಲೆ ಆರು ಗಂಟೆಯ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು, ಕೊಟ್ಟ ಸಮಯವನ್ನು ಬರೆದಿಡು. ಪ್ಯಾರಸಿಟಮಾಲ್ ಇರುವ ನೆಗಡಿಯ ಔಷಧವನ್ನು ಇದರ ಜೊತೆ ಕೊಡಬೇಡ.

ಶಶಿ ಚಿಕ್ಕಪ್ಪ, 7:50
ಅಕ್ಕ, ನಾನು ಹೇಳುತ್ತಿರುವುದೂ ಇದನ್ನೇ. ಇವತ್ತು ಈ ಗುಂಪಿನಲ್ಲಿ ನೀವಿದ್ದಿರಿ. ನೀವಿಲ್ಲದ ಮನೆಯಲ್ಲಿ ಆ 5 ಎಂ.ಎಲ್. ಮಗುವಿನ ಹೊಟ್ಟೆಗೆ ಹೋಗಿರುತ್ತಿತ್ತು. ‘ಮನೆಯಲ್ಲೇ ನೋಡಿಕೊಳ್ಳಿ’ ಎನ್ನುವುದು ಸುಲಭ.

ಸುಮತಿ ಅತ್ತೆ, 7:56
ಒಪ್ಪುತ್ತೇನೆ ಶಶಿ. ಪ್ರಮಾಣ ಗೊತ್ತಿಲ್ಲದವರು ಫೋನಿನಲ್ಲಾದರೂ ವೈದ್ಯರನ್ನೋ ಔಷಧದಂಗಡಿಯ ಫಾರ್ಮಸಿಸ್ಟನ್ನೋ ಕೇಳದೆ ಕೊಡಬಾರದು. ಇನ್ನೊಂದು ಮಾತು ಸೇರಿಸುತ್ತೇನೆ: ಈ ಔಷಧ ಥರ್ಮಾಮೀಟರಿನ ಅಂಕೆಯನ್ನು ಇಳಿಸುವುದಕ್ಕಲ್ಲ, ಮಗುವಿನ ಮೈಕೈ ನೋವು, ಕಿರಿಕಿರಿ ಕಡಿಮೆ ಮಾಡುವುದಕ್ಕೆ. ನಿದ್ದೆ ಮಾಡುತ್ತಿರುವ ಮಗುವನ್ನು ಔಷಧಕ್ಕಾಗಿ ಎಬ್ಬಿಸಬೇಕಾಗಿಲ್ಲ. ಜ್ವರದ ಫಿಟ್ಸ್ ತಡೆಯಲೆಂದು ಬೇಗಬೇಗ ಕೊಡುವವರಿದ್ದಾರೆ; ಅದರಿಂದ ಫಿಟ್ಸ್ ತಡೆಯಲು ಆಗುವುದಿಲ್ಲ.

ದೊಡ್ಡಪ್ಪ, 8:03
ಔಷಧಕ್ಕಿಂತ ಮೊದಲು ತಣ್ಣೀರು ಬಟ್ಟೆ ಹಾಕಬಹುದಲ್ಲ ಸುಮತಿ? ನಮ್ಮನ್ನೆಲ್ಲ ಅಮ್ಮ ಹಾಗೆಯೇ ನೋಡಿಕೊಂಡದ್ದು.

ಸುಮತಿ ಅತ್ತೆ, 8:09
ಬೇಡ ಅಣ್ಣ. ಜ್ವರದಲ್ಲಿ ಮಿದುಳೇ ದೇಹದ ಶಾಖದ ಮಟ್ಟವನ್ನು ಮೇಲಕ್ಕೆ ಏರಿಸಿಕೊಂಡಿರುತ್ತದೆ. ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಸಂಕುಚಿತವಾಗಿ, ಮಗು ನಡುಗಿ, ಒಳಗೆ ಮತ್ತಷ್ಟು ಶಾಖ ಹುಟ್ಟುತ್ತದೆ. ಮಗು ಅಳುತ್ತದೆ, ಪ್ರಯೋಜನ ಕಡಿಮೆ. ಕಂಬಳಿ ಹೊದಿಸಿ ಬೆವರಿಸುವುದೂ ಬೇಡ. ತೆಳುವಾದ ಒಂದು ಅಂಗಿ, ಆಗಾಗ ಸ್ವಲ್ಪ ಸ್ವಲ್ಪ ಹಾಲು ಅಥವಾ ನೀರು, ಇಷ್ಟು ಸಾಕು.

ಶಶಿ ಚಿಕ್ಕಪ್ಪ, 8:20
ನಾನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ಕೇಳಿ. ನಮ್ಮ ಮಗಳಿಗೆ ಒಂದು ವರ್ಷವಾಗಿದ್ದಾಗ ಇದೇ ರೀತಿ ಸಣ್ಣ ಜ್ವರ ಬಂತು. ನೆಗಡಿ ಇಲ್ಲ, ಕೆಮ್ಮು ಇಲ್ಲ. ಮೊದಲ ದಿನವೇ ತೋರಿಸಿದೆವು, ‘ವೈರಲ್’ ಎಂದು ಹೇಳಿ ಕಳುಹಿಸಿದರು. ಮೂರನೆಯ ದಿನ ಅವಳು ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿದ ಮೇಲೆ ಮೂತ್ರ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಸೋಂಕು ಇದ್ದದ್ದು ಮೂತ್ರಪಿಂಡದಲ್ಲಿ. ಆ ಎರಡು ದಿನಗಳನ್ನು ನಾನು ಇನ್ನೂ ಮರೆತಿಲ್ಲ.

ದೊಡ್ಡಪ್ಪ, 8:24
ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ, ಶಶಿ. ಆದರೆ ನೀನು ಮೊದಲ ದಿನವೇ ಹೋಗಿದ್ದೆ, ಆದರೂ ಸಿಕ್ಕಲಿಲ್ಲ.

ಸುಮತಿ ಅತ್ತೆ, 8:37
ಅಣ್ಣ ಹೇಳಿದ್ದು ಸರಿ, ಆದರೆ ಅದರಿಂದ ಮೂರು ದಿನ ಕಾಯಬಹುದು ಎಂದಾಗುವುದಿಲ್ಲ. ಅವತ್ತು ತಪ್ಪಿದ್ದು ಒಂದು ಪ್ರಶ್ನೆ: ಜ್ವರದ ಮೂಲ ಎಲ್ಲಿದೆ? ನೆಗಡಿಯೋ ಕೆಮ್ಮೋ ಭೇದಿಯೋ ಇದ್ದರೆ ಜ್ವರಕ್ಕೆ ಒಂದು ವಿಳಾಸ ಸಿಕ್ಕಂತೆ. ಎರಡು ವರ್ಷದೊಳಗಿನ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಬೇರೇನೂ ಇಲ್ಲದೆ ಬರೀ ಜ್ವರ ಇದ್ದರೆ ಮೂತ್ರದ ಸೋಂಕನ್ನು ನೆನೆಯಲೇಬೇಕು. ಆ ವಯಸ್ಸಿನ ಮಗು ಉರಿಯುತ್ತದೆ ಎಂದು ಹೇಳಲಾರದು. ಪುಟ್ಟಿಗೂ ಸದ್ಯಕ್ಕೆ ನೆಗಡಿ ಕೆಮ್ಮು ಇಲ್ಲ. ಆದ್ದರಿಂದ ನಾಳೆ ಸಂಜೆಯ ಹೊತ್ತಿಗೆ ಜ್ವರವಿದ್ದು ಮೂಲ ಕಾಣದಿದ್ದರೆ ವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆಯ ವಿಷಯವನ್ನು ನಾವೇ ಕೇಳೋಣ. ಈ ರಾತ್ರಿ ಕಾಯಬಹುದು ಎಂದು ನಾನು ಹೇಳಿದ್ದರ ಅರ್ಥ ಇಷ್ಟೇ. ಮಲೇರಿಯಾ ಇರುವ ಕಡೆ ಈ ಅವಕಾಶವೂ ಇಲ್ಲ, ಅಲ್ಲಿ ಮೊದಲ ದಿನವೇ ರಕ್ತ ಪರೀಕ್ಷೆ ಆಗಬೇಕು.

ರಾತ್ರಿಯಲ್ಲಿ ಅವಳು ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಉಸಿರು ವೇಗವಾದರೆ, ಎಂಟು ಗಂಟೆ ಮೂತ್ರ ಆಗದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಇಲ್ಲವೇ ಗಾಜಿನ ಲೋಟದಿಂದ ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು ಮೈಮೇಲೆ ಕಂಡರೆ, ಬೆಳಗಾಗಲಿ ಎಂದು ನೋಡದೆ ಹೊರಡು.

ವಿದ್ಯಾ, ಮರುದಿನ ಬೆಳಿಗ್ಗೆ 8:10
ರಾತ್ರಿ ಎರಡಕ್ಕೆ ಅಳುತ್ತ ಎದ್ದಳು, 101.6 ಇತ್ತು. ಆಗ 2.5 ಎಂ.ಎಲ್. ಕೊಟ್ಟೆ. ಒಂದು ಗಂಟೆಯ ನಂತರ ಹಾಲು ಕುಡಿದು ನಕ್ಕಳು. ಮೂತ್ರ ಎರಡು ಸಲ ಆಗಿದೆ. ಈಗ 100.6. ಮೂಗು ಇನ್ನೂ ಒಣಗಿಯೇ ಇದೆ, ಕೆಮ್ಮೂ ಇಲ್ಲ.

ದೊಡ್ಡಪ್ಪ, 8:15
ಔಷಧಕ್ಕೆ ಇಳಿದಿದೆ ಎಂದರೆ ಸಾಮಾನ್ಯ ಜ್ವರವೇ ಇರಬೇಕು.

ಸುಮತಿ ಅತ್ತೆ, 8:21
ಹಾಗೆ ಹೇಳಲು ಬರುವುದಿಲ್ಲ ಅಣ್ಣ. ದೊಡ್ಡ ಸೋಂಕಿನ ಜ್ವರವೂ ಪ್ಯಾರಸಿಟಮಾಲಿಗೆ ಇಳಿಯುತ್ತದೆ. ನನಗೆ ಧೈರ್ಯ ಕೊಟ್ಟದ್ದು ಅವಳು ಕುಡಿದದ್ದು, ನಕ್ಕದ್ದು, ಮೂತ್ರ ಮಾಡಿದ್ದು. ಸಂಜೆಯ ಗಡುವು ಹಾಗೆಯೇ ಇರಲಿ.

ವಿದ್ಯಾ, ಸಂಜೆ 7:40
ಐದು ಗಂಟೆಗೂ 100.8 ಇತ್ತು, ಬೇರೆ ಚಿಹ್ನೆ ಇರಲಿಲ್ಲ, ಆದ್ದರಿಂದ ಹೋಗಿ ಬಂದೆವು. ವೈದ್ಯರು ಕಿವಿ, ಗಂಟಲು, ಎದೆ ಎಲ್ಲ ನೋಡಿದರು, ಎಲ್ಲೂ ಏನೂ ಕಾಣಲಿಲ್ಲ. ಮೂತ್ರದ ವಿಷಯ ನಾನು ಎತ್ತುವ ಮೊದಲೇ ಅವರೇ ಹೇಳಿದರು. ಅಂಟಿಸುವ ಚೀಲದಲ್ಲಿ ಹಿಡಿದರೆ ಚರ್ಮದ ಮೇಲಿನ ರೋಗಾಣುಗಳು ಸೇರಿ ಫಲಿತಾಂಶ ಕೆಡುತ್ತದೆಯಂತೆ. ಆದ್ದರಿಂದ ತೊಳೆದು ಒರೆಸಿ, ನೀರು ಕುಡಿಸಿ, ಡಬ್ಬಿ ಹಿಡಿದು ಮುಕ್ಕಾಲು ಗಂಟೆ ಕಾದು, ಧಾರೆಯ ನಡುವಿನದನ್ನು ಹಿಡಿದೆವು. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯ ಪರೀಕ್ಷೆಯಲ್ಲಿ ಸೋಂಕಿನ ಗುರುತು ಬರಲಿಲ್ಲ. ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಎರಡು ದಿನ ಬೇಕಂತೆ. ಆಂಟಿಬಯಾಟಿಕ್ ಕೊಟ್ಟಿಲ್ಲ.

ಶಶಿ ಚಿಕ್ಕಪ್ಪ, 7:48
ಸಮಾಧಾನವಾಯಿತಮ್ಮ. ಆದರೂ ನಿನ್ನೆ ಹೋಗಿದ್ದರೆ ಈ ಪರೀಕ್ಷೆ ಒಂದು ದಿನ ಮೊದಲೇ ಆಗುತ್ತಿತ್ತು ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಫಲಿತಾಂಶ ಚೆನ್ನಾಗಿ ಬಂದಿತೆಂದು ಕಾದದ್ದು ಸರಿಯಾಯಿತು ಎನ್ನಲಾಗದು.

ಸುಮತಿ ಅತ್ತೆ, 7:55
ಅದು ನಿಜ, ಫಲಿತಾಂಶ ನೋಡಿ ನಿರ್ಧಾರವನ್ನು ಅಳೆಯಬಾರದು. ವಿದ್ಯಾ, ಕಲ್ಚರ್ ವರದಿಯನ್ನು ನೀನೇ ಫೋನ್ ಮಾಡಿ ಕೇಳು, ಅವರು ಕರೆಯಲಿ ಎಂದು ಕೂರಬೇಡ. ಜ್ವರ ಪೂರ್ತಿ ಬಿಟ್ಟು ಒಂದೆರಡು ದಿನದ ಮೇಲೆ ಮತ್ತೆ ಬಂದರೆ ಅಥವಾ ಐದನೆಯ ದಿನಕ್ಕೂ ಉಳಿದರೆ, ಅವಳು ಆಡುತ್ತಿದ್ದರೂ ಮತ್ತೊಮ್ಮೆ ತೋರಿಸಬೇಕು. ಅಣ್ಣ, ಆ ಸಂದೇಶವನ್ನು ಬೇರೆ ಗುಂಪುಗಳಿಗೂ ಕಳುಹಿಸಿದ್ದರೆ, ಮೂರು ತಿಂಗಳೊಳಗಿನ ಕೂಸಿಗೆ ಅದು ಅನ್ವಯಿಸದು ಎಂಬ ಒಂದು ಸಾಲನ್ನಾದರೂ ಇವತ್ತೇ ಬರೆದುಬಿಡಿ.

ದೊಡ್ಡಪ್ಪ, 8:02
ಎರಡು ಗುಂಪುಗಳಿಗೆ ಕಳುಹಿಸಿದ್ದೆ. ಈಗ ಬರೆಯುತ್ತಿದ್ದೇನೆ.