ಹಿಂದಿಯ ‘ನೇ’: ಕ್ರಿಯಾಪದ ಯಾರ ಮಾತು ಕೇಳುತ್ತದೆ?

ಪ್ರಶ್ನೆ: ಹಿಂದಿ ಅರ್ಧ ಎರ್ಗೆಟಿವ್ ಭಾಷೆ ಅಂತಾರೆ. ‘ಲಡ್ಕೇ ನೇ ರೋಟೀ ಖಾಯೀ’ಯಲ್ಲಿ ತಿಂದವನು ಹುಡುಗ. ಮತ್ತೆ ‘ಖಾಯೀ’ ಯಾಕೆ ಸ್ತ್ರೀಲಿಂಗ?

ಭಾಷಾವಿಜ್ಞಾನದ ಮೇಷ್ಟ್ರು: ಕನ್ನಡದಲ್ಲಿ ‘ಹುಡುಗ ಬಂದ’, ‘ಹುಡುಗ ರೊಟ್ಟಿಯನ್ನು ತಿಂದ’. ಬಂದವನಿಗೂ ತಿಂದವನಿಗೂ ಒಂದೇ ರೂಪ, ಬೇರೆ ಗುರುತು ರೊಟ್ಟಿಗೆ. ಎರ್ಗೆಟಿವ್ ಏರ್ಪಾಟಿನಲ್ಲಿ ಬಂದವನೂ ರೊಟ್ಟಿಯೂ ಒಂದೇ ಪಂಕ್ತಿ, ಬೇರೆ ಗುರುತು ತಿಂದವನಿಗೆ.

‘ಲಡ್ಕಾ ಆಯಾ’ದಲ್ಲಿ ಲಡ್ಕಾಗೆ ಪ್ರತ್ಯಯವಿಲ್ಲ, ಕ್ರಿಯಾಪದ ಅವನನ್ನು ಅನುಸರಿಸಿತು. ನಿಮ್ಮ ವಾಕ್ಯದಲ್ಲಿ ಹುಡುಗನಿಗೆ ‘ನೇ’ ಅಂಟಿದೆ, ಪ್ರತ್ಯಯವಿಲ್ಲದೆ ಉಳಿದದ್ದು ರೋಟೀ, ಅದಕ್ಕೇ ಖಾಯೀ. ಹುಡುಗಿ ಮಾವಿನಹಣ್ಣು ತಿಂದರೆ ‘ಲಡ್ಕೀ ನೇ ಆಮ್ ಖಾಯಾ’. ಇಬ್ಬರಿಗೂ ಪ್ರತ್ಯಯ ಬಿದ್ದರೆ? ‘ಲಡ್ಕೀ ನೇ ಲಡ್ಕೀ ಕೋ ದೇಖಾ’. ನೋಡಿದವಳೂ ಹೆಣ್ಣು, ಕಂಡವಳೂ ಹೆಣ್ಣು, ಆದರೂ ಕ್ರಿಯಾಪದ ಪುಲ್ಲಿಂಗ ಏಕವಚನದಲ್ಲೇ ನಿಂತಿತು.

ನಾವು ಮರೆಯಬೇಕಾದದ್ದು ‘ಕ್ರಿಯಾಪದ ಮಾಡಿದವನನ್ನು ಅನುಸರಿಸುತ್ತದೆ’ ಎಂಬ ಅಭ್ಯಾಸ. ಪ್ರತ್ಯಯವಿಲ್ಲದ ಪದ ಹುಡುಕಿ, ಆಮೇಲೆ ಕ್ರಿಯಾಪದದ ಕೊನೆ ಹಾಕಿ. ಇದು ಮುಗಿದ ಕೆಲಸ ಹೇಳುವ ರೂಪಗಳಲ್ಲಿ ಮಾತ್ರ. ‘ಲಡ್ಕಾ ರೋಟೀ ಖಾತಾ ಹೈ’ ನಮ್ಮ ಕನ್ನಡದ ಹಾಗೆಯೇ. ಬಾಸ್ಕ್ ಭಾಷೆಯಲ್ಲಿ ಈ ಮಿತಿ ಇಲ್ಲ, ವರ್ತಮಾನದಲ್ಲೂ ತಿನ್ನುವವನಿಗೆ ಪ್ರತ್ಯಯ ಬೀಳುತ್ತದೆ.

ಒಬ್ಬರು: ಸುಲಭ ಮಾಡ್ಕೊಳ್ಳಿ ಸರ್, ಇದು ಕರ್ಮಣಿ ಪ್ರಯೋಗ. ‘ಹುಡುಗನಿಂದ ರೊಟ್ಟಿ ತಿನ್ನಲ್ಪಟ್ಟಿತು.’

ಮೇಷ್ಟ್ರು: ಹುಟ್ಟಿನ ಮಟ್ಟಿಗೆ ನೀವು ಹೇಳಿದ್ದು ಸರಿ, ಸಂಸ್ಕೃತದ ‘ತೇನ ಕೃತಮ್’ ಬಗೆಯ ರಚನೆಯಿಂದಲೇ ಇದು ಬೆಳೆದದ್ದು. ಇವತ್ತಿನ ಹಿಂದಿಗೆ ಒಪ್ಪುವುದಿಲ್ಲ. ಹಿಂದಿಯ ಕರ್ಮಣಿ ಬೇರೆಯೇ ಇದೆ: ‘ರೋಟೀ ಖಾಯೀ ಗಯೀ’. ಅಲ್ಲಿ ತಿಂದವನ ಹೆಸರನ್ನೇ ಬಿಡಬಹುದು. ‘ನೇ’ ವಾಕ್ಯ ಹಾಗಲ್ಲ, ಮಾಡಿದವನೇ ಅದರ ಕರ್ತೃ. ಕರ್ಮಣಿ ಅಂದುಕೊಂಡು ಕಲಿತವರು ‘ನೇ’ ಬದಲು ‘ಸೇ’ ಹಾಕಿಬಿಡುತ್ತಾರೆ.

ಒಬ್ಬ ತಾಯಿ: ನನ್ನ ಮಗಳು ‘ಮೈಂ ನೇ’ ಅಂದ್ರೆ ನಮ್ಮ ‘ನಾನೇ’ ಅಂತ ಅರ್ಥ ಮಾಡ್ಕೊಂಡಿದ್ದಾಳೆ. ಒತ್ತಿ ಹೇಳಬೇಕಾದಾಗ ಮಾತ್ರ ಹಾಕ್ತಾಳೆ.

ಹಿಂದಿ ಟೀಚರ್: ಕನ್ನಡದ ಮಕ್ಕಳಲ್ಲಿ ಈ ತಪ್ಪು ಸಹಜ ಮೇಡಂ. ‘ನಾನೇ’ಯ ಏಕಾರಕ್ಕೆ ಹಿಂದಿಯಲ್ಲಿ ‘ಹೀ’ ಇದೆ, ‘ಮೈಂ ನೇ ಹೀ ಖಾಯಾ’ ಅಂತ ಎರಡನ್ನೂ ಒಟ್ಟಿಗೆ ತೋರಿಸಿ, ಬೇರೆ ಬೇರೆ ಅಂತ ಕಾಣುತ್ತೆ. ಸಕರ್ಮಕ ಅಂದ ತಕ್ಷಣ ‘ನೇ’ ಅನ್ನೋ ಸೂತ್ರವನ್ನೂ ಪೂರ್ತಿ ನಂಬಬೇಡಿ. ‘ಲಾನಾ’, ‘ಭೂಲ್ನಾ’ ಸಕರ್ಮಕವಾದರೂ ‘ಮೈಂ ಕಿತಾಬ್ ಲಾಯಾ’ ಅಂತಲೇ ಬರುತ್ತೆ. ‘ಛೀಂಕ್ನಾ’ಗೆ ಕರ್ಮವಿಲ್ಲ, ಆದರೂ ‘ಉಸ್ ನೇ ಛೀಂಕಾ’. ‘ಉಸ್ ನೇ ರೋಟೀ ಖಾ ಲೀ’ ಸರಿ, ‘ಚುಕ್ನಾ’ ಸೇರಿದರೆ ‘ವಹ್ ರೋಟೀ ಖಾ ಚುಕಾ’. ಇವನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ.

ಕಲಬುರಗಿಯವರು: ನಮ್ಮ ಕಡೆ ದಕ್ಖನಿಯಲ್ಲಿ ‘ಮೈಂ ರೋಟೀ ಖಾಯಾ’ ಅಂತಲೇ ಅಂತಾರ್ರೀ. ಅದೂ ತಪ್ಪೇನ್ರಿ?

ಮೇಷ್ಟ್ರು: ತಪ್ಪಲ್ಲ, ಅದು ದಕ್ಖನಿಯ ಸ್ವಂತ ವ್ಯಾಕರಣ. ಅಲ್ಲಿ ಕ್ರಿಯಾಪದ ಮತ್ತೆ ಮಾಡಿದವನ ಕಡೆ ತಿರುಗಿದೆ. ಶಾಲೆಯ ಹಿಂದಿ ಬರೆಯುವಾಗ ಮಾತ್ರ ಬೇರೆ ಇಡಿ.

ಕಲಬುರಗಿಯವರು: ಕನ್ನಡ, ತೆಲುಗಿನ ಸಹವಾಸಕ್ಕ ಹಂಗಾಗಿದ್ದಿರಬೇಕು.

ಹಿಂದಿ ಟೀಚರ್: ಸಹವಾಸ ಒಂದೇ ಕಾರಣ ಅನ್ನೋಕಾಗಲ್ಲ. ದ್ರಾವಿಡ ನೆರೆಯಿಲ್ಲದ ಅವಧಿ ಭಾಷೆಯಲ್ಲೂ ‘ನೇ’ ಇಲ್ಲ.