ಪದಚರ್ಚೆ: ಯೋಜನಾ ವರದಿಯಲ್ಲಿ ‘ಮರುಪಾವತಿ ಅವಧಿ’, ‘ನಿವ್ವಳ ಪ್ರಸ್ತುತ ಮೌಲ್ಯ’, ‘ಆಂತರಿಕ ಪ್ರತಿಫಲ ದರ’

ತಿಪಟೂರಿನಿಂದ, ಪ್ರಶ್ನೆ

ಮಾನ್ಯ ಸದಸ್ಯರಿಗೆ ವಂದನೆಗಳು. ನಮ್ಮ ತೆಂಗು ಬೆಳೆಗಾರರ ಸಂಘದ ಮುಂದೆ ಎರಡು ಪ್ರಸ್ತಾವಗಳಿವೆ. ಕೈಯಲ್ಲಿರುವ 10 ಲಕ್ಷ ರೂಪಾಯಿ ಒಂದಕ್ಕೆ ಮಾತ್ರ ಸಾಲುತ್ತದೆ. ಒಂದು, ಬಾಡಿಗೆಗೆ ಓಡಿಸಲು ಹಳೆಯ ಲಾರಿ. ಖರ್ಚು ಕಳೆದು ಮೊದಲ ವರ್ಷ 6 ಲಕ್ಷ ಉಳಿಯುತ್ತದೆ, ಆಮೇಲೆ ರಿಪೇರಿ ಹೆಚ್ಚಾಗುತ್ತ 4, 2, 1 ಲಕ್ಷಕ್ಕೆ ಇಳಿಯುತ್ತದೆ. ಇನ್ನೊಂದು, ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಾಗಿ ಒತ್ತುವ ಘಟಕ; ಗಿರಾಕಿಗಳು ನಿಧಾನವಾಗಿ ಸಿಗುವುದರಿಂದ ವರ್ಷವಾರು 1, 3, 5, 6 ಲಕ್ಷ.

ವರದಿ ಬರೆದುಕೊಟ್ಟ ಸಲಹೆಗಾರರು ಲಾರಿಗೆ ‘ಮರುಪಾವತಿ ಅವಧಿ’ 2 ವರ್ಷ, ‘ಆಂತರಿಕ ಪ್ರತಿಫಲ ದರ’ ಶೇ. 15.9, ಶೇ. 10ರ ಸೋಡಿ ದರದಲ್ಲಿ ‘ನಿವ್ವಳ ಪ್ರಸ್ತುತ ಮೌಲ್ಯ’ 86,000 ರೂಪಾಯಿ ಎಂದೂ, ಘಟಕಕ್ಕೆ ಕ್ರಮವಾಗಿ 3 ವರ್ಷ 2 ತಿಂಗಳು, ಶೇ. 14.4, 1,13,000 ರೂಪಾಯಿ ಎಂದೂ ಬರೆದಿದ್ದಾರೆ. ಸದಸ್ಯರಿಗೆ ತಿಳಿಯುವ ಕನ್ನಡದಲ್ಲಿ ಇದನ್ನು ಬರೆದುಕೊಡುವ ಕೆಲಸ ನನ್ನದು. ಮೂರು ಅಳತೆಗಳಲ್ಲಿ ಎರಡು ಲಾರಿಯ ಕಡೆ, ಒಂದು ಘಟಕದ ಕಡೆ ಇರುವಾಗ ಯಾವ ಪದಕ್ಕೆ ಯಾವ ಅರ್ಥ ಹೇಳಲಿ?

ಶಿರಸಿಯಿಂದ

ಮರುಪಾವತಿ ಅವಧಿ ಎಂದರೆ ಸಾಲ ತೀರಿಸಲು ಬ್ಯಾಂಕು ಕೊಡುವ ಕಾಲಾವಕಾಶ. ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಲು ನಾನು ಪಡೆದ ಸಾಲದ ಪತ್ರದಲ್ಲಿಯೂ ಇದೇ ಪದವಿದೆ, ಮೊದಲ ವರ್ಷ ಕಂತು ಕಟ್ಟಬೇಕಾಗಿಲ್ಲವೆಂಬ ಷರತ್ತೂ ಇದೆ. ಎರಡೇ ವರ್ಷದಲ್ಲಿ 10 ಲಕ್ಷ ತೀರಿಸಬೇಕಾದರೆ ಕಂತು ಬಹಳ ಭಾರವಾಗುತ್ತದೆ. ಬ್ಯಾಂಕಿನವರೊಂದಿಗೆ ಮಾತನಾಡಿ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಹುಬ್ಬಳ್ಳಿಯಿಂದ

ಶಿರಸಿಯ ಹಿರಿಯರು ಮನ್ನಿಸಬೇಕು, ಇಲ್ಲಿ ಸಾಲದ ಮಾತೇ ಇಲ್ಲ. ಹಾಕಿದ ಬಂಡವಾಳ ಯೋಜನೆಯ ಗಳಿಕೆಯಿಂದಲೇ ವಾಪಸು ಬರಲು ಎಷ್ಟು ಕಾಲ ಬೇಕು ಎಂಬುದೇ ಆ ಅವಧಿ. ಲಾರಿಗೆ 6 ಮತ್ತು 4 ಕೂಡಿದರೆ 10, ಅಲ್ಲಿಗೆ ಎರಡು ವರ್ಷ. ಆದರೆ ಮೂರನೆಯ ವರ್ಷದಿಂದ ಮುಂದೆ ಏನಾಗುತ್ತದೆ ಎಂಬುದನ್ನು ಈ ಲೆಕ್ಕ ಕೇಳುವುದೇ ಇಲ್ಲ, ಆದ್ದರಿಂದ ಅದನ್ನು ಬದಿಗಿಡಿ. ತೀರ್ಮಾನಕ್ಕೆ ಆಂತರಿಕ ಪ್ರತಿಫಲ ದರವೊಂದೇ ಸಾಕು. ಶೇ. 15.9 ಎಂಬುದು 14.4ಕ್ಕಿಂತ ಹೆಚ್ಚು, ಹಾಕುವ ಹಣ ಎರಡರಲ್ಲೂ ಒಂದೇ, ಹೀಗಾಗಿ ಲಾರಿಯನ್ನೇ ಕೊಳ್ಳಬೇಕು.

ಮಂಗಳೂರಿನಿಂದ

ಬ್ಯಾಂಕಿನ ಯೋಜನಾ ಪರಿಶೀಲನೆ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮೊದಲಿಗೆ, ವರದಿಯಲ್ಲಿ ನಿವ್ವಳ ಪ್ರಸ್ತುತ ಮೌಲ್ಯದ ಅಂಕಿಗಳೇ ಸರಿಯಿಲ್ಲ. ಲಾರಿಯ ನಾಲ್ಕು ವರ್ಷದ ಗಳಿಕೆಯನ್ನು ಶೇ. 10ರಂತೆ ಇಂದಿನ ಬೆಲೆಗೆ ಇಳಿಸಿ ಕೂಡಿದರೆ ಸುಮಾರು 10,94,600 ಬರುತ್ತದೆ, 10 ಲಕ್ಷ ಕಳೆದರೆ 94,600 ಉಳಿಯಬೇಕು. ಘಟಕದ ಲೆಕ್ಕ ಇದೇ ರೀತಿ ಸುಮಾರು 1,24,300 ಆಗುತ್ತದೆ. ಈ ಎರಡನ್ನೂ 1.1ರಿಂದ ಭಾಗಿಸಿ ನೋಡಿ, ವರದಿಯಲ್ಲಿರುವ 86,000 ಮತ್ತು 1,13,000 ಸಿಗುತ್ತವೆ. ಎಕ್ಸೆಲ್‌ನ NPV ಸೂತ್ರವು ತನಗೆ ಕೊಟ್ಟ ಮೊದಲನೆಯ ಮೊತ್ತ ಒಂದು ವರ್ಷದ ಕೊನೆಗೆ ಬರುತ್ತದೆ ಎಂದು ಭಾವಿಸುತ್ತದೆ. ಇಂದೇ ಹಾಕುವ 10 ಲಕ್ಷವನ್ನೂ ಅದರೊಳಗೆ ಸೇರಿಸಿದ್ದರಿಂದ ಎಲ್ಲವೂ ಒಂದು ವರ್ಷ ತಡವಾಗಿ ಲೆಕ್ಕಕ್ಕೆ ಬಂದಿದೆ. B2ರಲ್ಲಿ ಋಣ ಚಿಹ್ನೆಯೊಂದಿಗೆ ಬಂಡವಾಳ, C2ರಿಂದ F2ವರೆಗೆ ಗಳಿಕೆ ಇದ್ದರೆ ಹೀಗೆ ಬರೆಯಬೇಕು:

```
=NPV(10%,C2:F2)+B2
=IRR(B2:F2)
```

ಎರಡಕ್ಕೂ ಒಂದೇ ತಪ್ಪಾದ್ದರಿಂದ ಯಾವುದು ಮೇಲು ಎಂಬುದು ಬದಲಾಗಿಲ್ಲ, ಅಷ್ಟೇ ಸಮಾಧಾನ.

ಈಗ ಅರ್ಥದ ಮಾತು. ಮುಂದೆ ಬರುವ ಗಳಿಕೆಯನ್ನು ಇಂದಿನ ಬೆಲೆಗೆ ಇಳಿಸಿ ಕೂಡಿ, ಹಾಕಿದ ಬಂಡವಾಳವನ್ನು ಕಳೆದರೆ ಉಳಿಯುವುದೇ ನಿವ್ವಳ ಪ್ರಸ್ತುತ ಮೌಲ್ಯ; ಹಾಗೆ ಇಳಿಸಲು ಬಳಸುವ ವಾರ್ಷಿಕ ದರವೇ ಸೋಡಿ ದರ. ಆಂತರಿಕ ಪ್ರತಿಫಲ ದರವೆಂದರೆ ಯಾವ ಸೋಡಿ ದರ ಹಾಕಿದರೆ ನಿವ್ವಳ ಪ್ರಸ್ತುತ ಮೌಲ್ಯ ಸೊನ್ನೆಯಾಗುತ್ತದೆಯೋ ಆ ದರ. ಮಾರುಕಟ್ಟೆಯ ಬಡ್ಡಿಯನ್ನು ನೋಡದೆ ಯೋಜನೆಯ ಹಣದ ಹರಿವಿನಿಂದಲೇ ಸಿಗುವುದರಿಂದ ಅದು ‘ಆಂತರಿಕ’. ಒಂದೇ ಯೋಜನೆಯನ್ನು ಮಾಡಬೇಕೇ ಬಿಡಬೇಕೇ ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರ ಕೊಡುತ್ತದೆ, ಶೇ. 10ಕ್ಕಿಂತ ಮೇಲಿರುವುದರಿಂದ ನಿಮ್ಮ ಎರಡೂ ಪಾಸಾಗಿವೆ. ಆದರೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕಾದಾಗ ಹುಬ್ಬಳ್ಳಿಯ ಸ್ನೇಹಿತರ ಮಾತು ನಿಲ್ಲುವುದಿಲ್ಲ, ಏಕೆಂದರೆ ಹಾಕುವ ಹಣ ಒಂದೇ ಆಗಿದ್ದರೂ ಅದು ಎಷ್ಟು ಕಾಲ ಒಳಗೆ ದುಡಿಯುತ್ತದೆ ಎಂಬುದು ಒಂದೇ ಅಲ್ಲ. ಲಾರಿಯಲ್ಲಿ ಬಂಡವಾಳದ ಬಹುಭಾಗ ಮೊದಲ ಎರಡು ವರ್ಷಗಳಲ್ಲೇ ಹೊರಬಂದುಬಿಡುತ್ತದೆ, ಆಮೇಲೆ ಶೇ. 15.9 ಅನ್ವಯಿಸುವುದು ಒಳಗೆ ಉಳಿದ ಸಣ್ಣ ಮೊತ್ತಕ್ಕೆ ಮಾತ್ರ.

ಲಾರಿಯನ್ನು ಬಿಟ್ಟು ಘಟಕವನ್ನು ಆರಿಸಿದರೆ ಸಂಘ ಏನನ್ನು ಕೊಟ್ಟು ಏನನ್ನು ಪಡೆಯುತ್ತದೆ ಎಂದು ಕೇಳಿಕೊಳ್ಳಿ. ಮೊದಲ ವರ್ಷ 5 ಲಕ್ಷ, ಎರಡನೆಯ ವರ್ಷ 1 ಲಕ್ಷ ಕಡಿಮೆ ಬರುತ್ತದೆ. ಅದಕ್ಕೆ ಬದಲಾಗಿ ಮೂರನೆಯ ವರ್ಷ 3, ನಾಲ್ಕನೆಯ ವರ್ಷ 5 ಲಕ್ಷ ಹೆಚ್ಚು ಬರುತ್ತದೆ. ಈ ವ್ಯತ್ಯಾಸವನ್ನೇ ಒಂದು ಯೋಜನೆಯೆಂದು ಎಣಿಸಿ ದರ ತೆಗೆದರೆ ಸುಮಾರು ಶೇ. 12.45 ಆಗುತ್ತದೆ. ಸಂಘದ ಹಣದ ಬೆಲೆ, ಅಂದರೆ ಸೋಡಿ ದರ, ಅದಕ್ಕಿಂತ ಕಡಿಮೆಯಿದ್ದರೆ ಘಟಕ, ಹೆಚ್ಚಿದ್ದರೆ ಲಾರಿ. ಶೇ. 12ರಲ್ಲಿ ಘಟಕಕ್ಕೆ ಸುಮಾರು 65,600, ಲಾರಿಗೆ 60,500; ಶೇ. 13ಕ್ಕೆ ಏರಿಸಿದೊಡನೆ ಘಟಕಕ್ಕೆ 38,000, ಲಾರಿಗೆ 44,200. ವರದಿಯಲ್ಲಿ ಇರಬೇಕಾಗಿದ್ದದ್ದು ಈ ಸಾಲು.

ಇನ್ನೊಂದು ಅನುಮಾನ: ಘಟಕದ ಕೊನೆಯ ವರ್ಷದ 6 ಲಕ್ಷದಲ್ಲಿ ಹಳೆಯ ಯಂತ್ರ ಮಾರಿದ ಹಣವೂ ಸೇರಿದೆಯೇ?

ತಿಪಟೂರಿನಿಂದ

ಸೇರಿದೆ. ಆ 6 ಲಕ್ಷದಲ್ಲಿ ಒಂದೂವರೆ ಲಕ್ಷ ಯಂತ್ರದ ಮಾರಾಟದಿಂದ ಬರುವುದೆಂದು ಅಡಿಟಿಪ್ಪಣಿಯಲ್ಲಿದೆ.

ಮಂಗಳೂರಿನಿಂದ

ಹಾಗಿದ್ದರೆ ಆ ಒಂದೂವರೆ ಲಕ್ಷವನ್ನು ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿ. ಶೇ. 10ರಲ್ಲಿ ಘಟಕದ ನಿವ್ವಳ ಪ್ರಸ್ತುತ ಮೌಲ್ಯ 1,24,300ರಿಂದ ಸುಮಾರು 21,900ಕ್ಕೆ ಕುಸಿಯುತ್ತದೆ, ಲಾರಿ ಬಹಳ ಮುಂದಾಗುತ್ತದೆ. ನಾಲ್ಕು ವರ್ಷ ತೇವದಲ್ಲಿ ನಾರಿನ ಪುಡಿ ಒತ್ತಿದ ಯಂತ್ರಕ್ಕೆ ಅಷ್ಟು ಬೆಲೆ ಕೊಡುವವರು ಯಾರೆಂದು ಮೊದಲು ವಿಚಾರಿಸಿ. ಹುಬ್ಬಳ್ಳಿಯವರು ಬದಿಗಿಡಲು ಹೇಳಿದ ಅವಧಿಗೆ ಬೆಲೆ ಬರುವುದು ಇಲ್ಲಿಯೇ: ದೂರದ ವರ್ಷಗಳ ಅಂದಾಜು ಎಷ್ಟು ಸಡಿಲವೋ, ಹಣ ಬೇಗ ಕೈಸೇರುವುದು ಅಷ್ಟು ಮುಖ್ಯ.

ಬೆಂಗಳೂರಿನಿಂದ

ಪದದ ಬಗ್ಗೆ ಒಂದು ಮಾತು. ಶಿರಸಿಯವರಿಗಾದ ಗೊಂದಲ ಸಂಘದ ಸದಸ್ಯರಿಗೂ ಆಗುವುದು ಖಂಡಿತ. ಇದೇ ಪದ ಸಾಲಪತ್ರಗಳಲ್ಲಿ ಬೇರೆ ಅರ್ಥದಲ್ಲಿ ಬೇರೂರಿರುವಾಗ ‘ಬಂಡವಾಳ ಮರಳುವ ಅವಧಿ’ ಎಂದು ಬರೆಯುವುದು ಮೇಲು. ಉಳಿದ ಎರಡು ಪದಗಳನ್ನು ಪಠ್ಯಪುಸ್ತಕದಲ್ಲಿರುವಂತೆಯೇ ಉಳಿಸಿಕೊಳ್ಳಬಹುದು.

ಹುಬ್ಬಳ್ಳಿಯಿಂದ

ಪದವನ್ನು ಒಪ್ಪುತ್ತೇನೆ. ಆದರೆ ಲಾರಿಯಿಂದ ಮೊದಲ ವರ್ಷ ಬಂದ 6 ಲಕ್ಷವನ್ನು ಮತ್ತೆ ಶೇ. 15.9ರಂತೆ ದುಡಿಸಿದರೆ ಲಾರಿಯೇ ಮುಂದೆ ಬರುವುದಿಲ್ಲವೇ?

ಮಂಗಳೂರಿನಿಂದ

ಬರುತ್ತದೆ. ಅಂಥ ಇನ್ನೊಂದು ಯೋಜನೆ ಸಂಘದ ಕೈಯಲ್ಲಿದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಆ ಹಣ ಠೇವಣಿಯಲ್ಲಿ ಕೂರುವುದಾದರೆ ಠೇವಣಿಯ ಬಡ್ಡಿಯನ್ನಷ್ಟೇ ಎಣಿಸಬೇಕು.

ತಿಪಟೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಬಂಡವಾಳ ಮರಳುವ ಅವಧಿ’ ಎಂದೇ ಬರೆಯುತ್ತೇನೆ. ಸೋಡಿ ದರದ ಬಗ್ಗೆ ಮಾತ್ರ ಮಂಡಳಿಯಲ್ಲಿ ಒಮ್ಮತವಿಲ್ಲ: ಠೇವಣಿ ಮುರಿದು ಹಾಕುವ ಹಣವಾದ್ದರಿಂದ ಠೇವಣಿಯ ದರವೇ ಸಾಕೆಂದು ಖಜಾಂಚಿಯವರು, ಹೊಸ ವ್ಯವಹಾರದ ಅಪಾಯಕ್ಕೆ ಶೇ. 13 ಆದರೂ ಬೇಕೆಂದು ಕಾರ್ಯದರ್ಶಿಯವರು. ಯಂತ್ರಕ್ಕೆ ಮರುಮಾರಾಟದ ಬೆಲೆ ಕೇಳಿ ಕೊಯಮತ್ತೂರಿನ ವ್ಯಾಪಾರಿಯೊಬ್ಬರಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.