ಸಹಾಯ ಬೇಕು: ಭಾನುವಾರದ ರೀಫೀಡ್ ಸಾಕಾ, ಎರಡು ವಾರ ಡಯಟ್ ಬ್ರೇಕ್ ಬೇಕಾ?

ನಾನು ಚಿಕ್ಕಮಗಳೂರಿನವನು. 20 ವಾರದ ಡಯಟ್‌ನಲ್ಲಿ 92 ಕೆಜಿಯಿಂದ 81ಕ್ಕೆ ಇಳಿದಿದ್ದೇನೆ. ದಿನಕ್ಕೆ 1,800 ಕ್ಯಾಲೊರಿ ತಿನ್ನುತ್ತೇನೆ. ಮೂರು ವಾರದಿಂದ ತೂಕ ಅಲ್ಲೇ ನಿಂತಿದೆ, ಸೊಂಟ ಮಾತ್ರ ಒಂದು ಸೆಂ.ಮೀ. ಇಳಿದಿದೆ. ಮಳೆ ಹಿಡಿದ ಮೇಲೆ ನಡಿಗೆಯೂ 9,000 ಹೆಜ್ಜೆಯಿಂದ 4,000ಕ್ಕೆ ಬಿದ್ದಿದೆ. ಹಾಗಾಗಿ ತಪ್ಪು ನನ್ನ ಮೈಯದ್ದಾ, ಮಳೆಯದ್ದಾ ಗೊತ್ತಾಗುತ್ತಿಲ್ಲ!

ಭಾನುವಾರ ರೀಫೀಡ್ ಅಂತ ಅನ್ನ, ಕಡುಬು ಜಾಸ್ತಿ ತಿನ್ನುತ್ತೇನೆ. ಸೋಮವಾರ ತೂಕ ಒಂದು ಕೆಜಿ ಏರಿ, ಗುರುವಾರದ ಹೊತ್ತಿಗೆ ಇಳಿಯುತ್ತದೆ. ಅದು ಗ್ಲೈಕೋಜನ್ ಜೊತೆ ಸೇರುವ ನೀರು, ಕೊಬ್ಬಲ್ಲ ಅನ್ನೋದು ಗೊತ್ತು. ಸೋಮವಾರ ಜಿಮ್‌ನಲ್ಲಿ ಚೆನ್ನಾಗಿ ಎತ್ತುತ್ತೇನೆ. ಮಂಗಳವಾರ ಮತ್ತೆ ಅದೇ ಹಸಿವು, ಅರ್ಧ ನಿದ್ದೆ. ಇಷ್ಟು ತಿಂಗಳ ಸುಸ್ತು ಒಂದು ದಿನದ ಊಟಕ್ಕೆ ಹೋಗಲ್ಲ ಅನ್ನಿಸುತ್ತಿದೆ.

ಅದಕ್ಕೇ ಎರಡು ವಾರ ತೂಕ ಏರದ, ಇಳಿಯದ ಮಟ್ಟದಲ್ಲಿ ತಿನ್ನೋಣ ಅಂತ. 92 ಕೆಜಿ ಇದ್ದಾಗಿನ 2,500ಕ್ಕೆ ಹೋದರೆ ಕೊಬ್ಬೇ ಸೇರುತ್ತದೆ ಅಲ್ವಾ? ಈಗಿನ ತೂಕ, ಈಗಿನ ಹೆಜ್ಜೆಗೆ 2,100 ಅಂದುಕೊಂಡಿದ್ದೇನೆ, ಹೆಚ್ಚುವರಿ ಎಲ್ಲ ಅನ್ನ, ಮುದ್ದೆಯಿಂದ. ಮೊದಲ ವಾರ ನೀರಿನ ತೂಕ ಏರಿ ಎರಡನೇ ವಾರ ನಿಂತರೆ ಲೆಕ್ಕ ಸರಿ ಅನ್ನಬಹುದಾ? ಅಥವಾ ಬ್ರೇಕ್ ಬಿಟ್ಟು ಮೊದಲು ಹೆಜ್ಜೆ ಸರಿಮಾಡಲಾ? ಮಾಡಿ ನೋಡಿದವರು ಹೇಳಿ.